ವಿಷಯದ ಸಾಲಿಗೆ ಬಂದ ಹರಕೆ

ಕೊಳ್ಳೇಗಾಲದ ನಮ್ಮ ಕಾಲೇಜಿನಲ್ಲಿ ರಜೆ ಕೇಳುವುದು ಇಮೇಲ್‌ನಲ್ಲೇ. ಪ್ರಿನ್ಸಿಪಾಲರು ಯಳಂದೂರಿನಿಂದ ಬಸ್ಸಿನಲ್ಲಿ ಬರುತ್ತಾ ಮೊಬೈಲಿನಲ್ಲಿ ಮೇಲ್ ನೋಡುತ್ತಾರೆ. ಪರದೆಯಲ್ಲಿ ವಿಷಯದ ಸಾಲಿನ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ನಮ್ಮ ಕನ್ನಡದಲ್ಲೋ, ಮುಖ್ಯವಾದದ್ದು ಕೊನೆಗೆ ಬರುತ್ತದೆ. ‘ಮಾನ್ಯರಲ್ಲಿ ವೈಯಕ್ತಿಕ ಕಾರಣದ ನಿಮಿತ್ತ ಸೋಮವಾರ ರಜೆ ಕೋರಿ’ ಎಂದು ನಾನು ಬರೆದಿದ್ದೆ. ಶುಕ್ರವಾರ ಮಧ್ಯಾಹ್ನವಾದರೂ ಉತ್ತರವಿರಲಿಲ್ಲ.

ಸೋಮವಾರ ಮಗಳ ಮುಡಿ ಕೊಡಲು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಬೇಕಿತ್ತು. ಹಾಗೆಂದು ಬರೆಯಲು ನಾಚಿಕೆ. ಸ್ಟಾಫ್ ರೂಮಿನಲ್ಲಿ ಹರಕೆಗಳನ್ನು ಗೇಲಿ ಮಾಡುತ್ತಿದ್ದವನು ನಾನೇ.

ಪಕ್ಕದ ಮೇಜಿನ ಬಂಡಳ್ಳಿಯ ಸಹೋದ್ಯೋಗಿ ನನ್ನ ಮೊಬೈಲ್ ನೋಡಿ ನಕ್ಕರು. ಮಾದಪ್ಪನ ಬೆಟ್ಟದ ವಿಷಯ ಅವರೊಬ್ಬರಿಗೆ ಮಾತ್ರ ಹೇಳಿದ್ದೆ.

“ಇದೇನ್ ಸಾ, ಮಾನ್ಯರಲ್ಲೇ ನಿಂತೋಗ್ಬುಟ್ಟದೆ! ಮೊದ್ಲು ವಾರ ಆಕಿ, ಆಮೇಕೆ ರಜೆ, ಆಮೇಕೆ ಯಾಕೆ ಅಂತ. ಕ್ಲಾಸಿಗೆ ಯಾರಾರ ಅವ್ರೆ ಅಂತ್ಲೂ ಆಕಿ, ಅದೇ ಅವ್ರ ತಲೆನೋವು. ನಿಮ್ ಕ್ಲಾಸ್ ನಾನ್ ತಕತೀನಿ.”

“ಯಾಕೆ ಅನ್ನೋದು ಬೇಡ.”

“ವೈಯಕ್ತಿಕ ಅಂದ್ರೆ ಬ್ಯಾರೆ ಕಾಲೇಜ್ ಇಂಟರ್‌ವ್ಯೂಗೆ ಓಯ್ತಾವ್ರೆ ಅನ್ಕತಾರೆ ಕಣ್ ಸಾ. ಮಾದಪ್ಪನ ಮುಡಿ ಅಂದ್ರೆ ಇಲ್ಲ ಅನ್ನಕ್ಕೆ ಬಾಯೇ ಬರಲ್ಲ.”

ಹೊಸ ಮೇಲ್ ಬರೆದೆ: ‘ಸೋಮವಾರ ರಜೆ: ಪತ್ನಿಯ ಹರಕೆ, ಮಗಳ ಮುಡಿ, ಕ್ಲಾಸ್ ವ್ಯವಸ್ಥೆಯಾಗಿದೆ.’ ಕ್ಲಾಸ್ ಬದಲಾವಣೆಯ ಮಾಹಿತಿಗಾಗಿ ವಾಡಿಕೆಯಂತೆ ವಿಭಾಗದವರಿಗೆಲ್ಲ ಪ್ರತಿ ಹಾಕಿದೆ. ಚಹಾ ಮುಗಿಯುವುದರೊಳಗೆ ಪ್ರಿನ್ಸಿಪಾಲರ ಉತ್ತರ ಎಲ್ಲರಿಗೂ ಬಂತು: ‘ಮಂಜೂರು. ಪ್ರಸಾದ ತನ್ನಿ.’

“ನಮ್ ಸಾ ಬೆಟ್ಟಕ್ಕಾ! ನಡ್ಕಂಡೋ, ಬಸ್ಸಲ್ಲೋ?” ಎಂದು ಯಾರೋ ಕೂಗಿದರು.

“ನನ್ನದಲ್ಲಪ್ಪ, ಮನೆಯವರದ್ದು,” ಎಂದೆ.

ಸಂಜೆ ರಜೆ ಸಿಕ್ಕಿತೇ ಎಂದು ಹೆಂಡತಿ ಕೇಳಿದಳು. ಮೊಬೈಲ್ ಕೊಟ್ಟೆ. ಅವಳು ವಿಷಯದ ಸಾಲನ್ನು ಓದಿ ತಲೆಯೆತ್ತಿದಳು.

“ನನ್ನ ಹರಕೆನಾ? ಮಗೂಗೆ ಜ್ವರ ಬಂದು ಫಿಟ್ಸ್ ಆದಾಗ, ಆಸ್ಪತ್ರೆ ಬಾಗ್ಲಲ್ಲಿ ನಿಂತು ಮಾದಪ್ಪ, ಮುಡಿ ಕೊಡ್ತೀನಿ ಅಂದಿದ್ದು ಯಾರು?”

“ನೀನು ತಾನೆ?”

“ನಾನು ಒಳಗೆ ಮಗೂ ಕಾಲ್ ಇಡ್ಕಂಡಿದ್ದೆ. ನಿಮ್ ಗಂಟಲು ಅಲ್ಲಿಗಂಟ ಕೇಳ್ತು.”

ಆ ಬಾಗಿಲು ನನಗೆ ನೆನಪಿದೆ. ಮಾತೂ ನೆನಪಿದೆ, ಆದರೆ ಅವಳ ದನಿಯಲ್ಲಿ. ಅವಳು ಒಳಗಿದ್ದದ್ದು ನಿಜವಾದರೆ ಬಾಗಿಲಲ್ಲಿ ಇದ್ದವನು ನಾನೊಬ್ಬನೇ. ನನಗೆ ಅನುಕೂಲವಾಗುವಂತೆ ನನ್ನ ನೆನಪು ದನಿಯನ್ನು ಬದಲಾಯಿಸಿಕೊಂಡಿತೇ?

ಕಳಿಸಿದ ಮೇಲ್‌ನ ವಿಷಯವನ್ನು ತಿದ್ದಲಾಗದು. ಉತ್ತರ ಬರೆದರೆ ಅದೇ ಸಾಲು ಮತ್ತೆ ಎಲ್ಲರಿಗೂ ಹೋಗುತ್ತದೆ. ಹೊಸ ಮೇಲ್ ತೆರೆದು ‘ಹರಕೆ ನನ್ನದು’ ಎಂದು ಬರೆದೆ. ಸ್ಟಾಫ್ ರೂಮಿನ ನಗು ನೆನಪಾಗಿ ಬೆರಳು ನಿಂತಿತು. ಅವಳು ಅದನ್ನೂ ಗಮನಿಸಿದಳು.

“ಇರ್ಲಿ ಬುಡಿ, ರಜೆ ಸಿಕ್ತಲ್ಲ,” ಎಂದು ಮಗಳ ಬಟ್ಟೆ ಮಡಿಸಲು ಒಳಗೆ ಹೋದಳು.

ನನಗೆ ಹಾಯೆನಿಸಿತು. ಬರೆದದ್ದನ್ನು ಅಳಿಸಿದೆ. ಅಳಿಸಿದ್ದು ನಾನೇ ಎಂಬುದೊಂದು ಮಾತ್ರ ಸ್ಪಷ್ಟವಾಗಿ ನೆನಪಿದೆ.