ಅರಿಶಿನ ಹಚ್ಚುವ ಮೊದಲು

ಆನ್‌ಲೈನಿನಲ್ಲಿ ತರಿಸಿದ ಹೊಸ ಮಂಗಳಸೂತ್ರ ಗೋವಾದ ಸಾಂಕೋಲೆಯ ನಮ್ಮ ಮನೆಗೆ ಬಂದಾಗ, ಧಾರವಾಡದಿಂದ ಬಂದಿದ್ದ ನನ್ನ ಅತ್ತೆ ಅರಿಶಿನ ಕಲಸಿಕೊಂಡೇ ಕೂತಿದ್ದರು. ಅರಿಶಿನ ಹಚ್ಚಿ ದೇವರ ಮುಂದಿಡದೆ ಹೊಸ ತಾಳಿಯನ್ನು ಕೊರಳಿಗೆ ಹಾಕುವಂತಿಲ್ಲ.

"ಅತ್ತಿ, ಹಚ್ಚಬ್ಯಾಡ್ರಿ!" ಎಂದು ಕೂಗಿಯೇಬಿಟ್ಟೆ. ಕಲೆಯಾದರೆ, ಟ್ಯಾಗ್ ಕಿತ್ತರೆ ಕಂಪನಿ ವಾಪಸ್ ತೆಗೆದುಕೊಳ್ಳುವುದಿಲ್ಲ.

ಅತ್ತೆ ಮುಖ ಗಂಟಿಕ್ಕಿದರು. "ತಾಳಿ ವಾಪಸ್ ಕಳಸೂ ಮಾತು ಆಡ್ತಿಯೇನ?"

ಪದಕದ ಹಿಂದಿನ ಹಾಲ್‌ಮಾರ್ಕ್ ಸಂಖ್ಯೆಯನ್ನು ಸರಕಾರದ ಆ್ಯಪಿಗೆ ಹಾಕಿದೆ. ಮಂಗಳಸೂತ್ರ, ಇಪ್ಪತ್ತೆರಡು ಕ್ಯಾರೆಟ್ ಎಂದು ತೋರಿಸಿತು. ಸರ್ಟಿಫಿಕೇಟಿನಲ್ಲೂ ಹಾಗೇ ಇತ್ತು. ಆದರೆ ನನ್ನ ಅನುಮಾನವೆಲ್ಲ ಕರಿಮಣಿಯ ಮೇಲೆ. ಆ ಗಾಜಿಗೂ ಚಿನ್ನದ ದರ ಹಾಕಿದ್ದರೆ? ಬಿಲ್ ಬಿಡಿಸಿ ನೋಡಿದೆ. ಮಣಿಯ ತೂಕ ಕಳೆದು, ಉಳಿದ ಚಿನ್ನಕ್ಕಷ್ಟೇ ದರ ಹಿಡಿದಿದ್ದರು. ಮಜೂರಿ, ಜಿಎಸ್‌ಟಿ ಬೇರೆ ಬೇರೆ ಇದ್ದವು. ಓಣಿಯ ಅಕ್ಕಸಾಲಿಗರ ತಕ್ಕಡಿಯಲ್ಲಿ ಒಟ್ಟು ತೂಕವೂ ಬಿಲ್ಲಿಗೆ ಹೊಂದಿತು. ನನಗೆ ಹೋದ ಜೀವ ಬಂದಂತಾಯಿತು.

ಅರಿಶಿನದ ಬಟ್ಟಲನ್ನು ಅಲ್ಲಿಗೂ ಹಿಡಿದುಕೊಂಡೇ ಬಂದಿದ್ದ ಅತ್ತೆ ಮೆಲ್ಲಗೆ ಕೇಳಿದರು, "ಈಗರೆ ಹಚ್ಚಲೇನವಾ?"

ಟ್ಯಾಗನ್ನು ನಾನೇ ಕತ್ತರಿಸಿದೆ. "ಹಚ್ಚರಿ ಅತ್ತಿ, ಕಲಿ ಆಗೂವಷ್ಟು ಹಚ್ಚರಿ!"