ಹದಿನೆಂಟು ಅದ, ಬೇಟಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮನೆಯಲ್ಲೂ ಹಾಗೇ ಹೇಳುತ್ತಾರೆ, ಆಸ್ಪತ್ರೆಯಲ್ಲೂ ಹಾಗೇ ಹೇಳುತ್ತಾರೆ. ಹೇಳಿದವರ ಮೇಲೂ ನನಗೆ ಸಿಟ್ಟು ಬರುತ್ತದೆ. ಆದರೆ ಆ ಮೇ ತಿಂಗಳ ಮಧ್ಯಾಹ್ನದ ಸಿಟ್ಟನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಬೀದರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಮೂರನೇ ಮಹಡಿಯಲ್ಲಿ ಸಾಮಾನಿನ ಕೋಣೆಯಷ್ಟೇ ದೊಡ್ಡದೊಂದು ಕೋಣೆ. ಅದರಲ್ಲಿ ಮೂರು ಸರ್ವರು, ಒಂದು ಯುಪಿಎಸ್, ಒಂದು ಏಸಿ. ಭಾಲ್ಕಿಯ ನಮ್ಮ ಶಾಖೆಯಲ್ಲಿ ತೆಗೆದ ಸ್ಕ್ಯಾನಿನ ಚಿತ್ರಗಳು ಈ ಸರ್ವರಿಗೇ ಬರಬೇಕು. ಮೆದುಳಿನ ಡಾಕ್ಟರು ಇರುವುದು ಬೀದರಿನಲ್ಲಿ ಮಾತ್ರ. ಅವರು ನೋಡಿ ಹೇಳಿದ ಮೇಲೆಯೇ ಭಾಲ್ಕಿಯಲ್ಲಿ ಮುಂದಿನ ಕೆಲಸ.

ಕೋಣೆ ಬಿಸಿಯಾದರೆ, ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದರೆ ನನ್ನ ಮೊಬೈಲಿಗೆ ಸಂದೇಶ ಬರುವ ಹಾಗೆ ಒಂದು ಸೆನ್ಸರ್ ಹಾಕಿದ್ದೆ. ಮೊದಲು ಅದನ್ನು ಯುಪಿಎಸ್‌ನ ಹಿಂದೆ, ಬಿಸಿ ಗಾಳಿ ಬರುವ ಕಡೆ ಅಂಟಿಸಿ ದಡ್ಡತನ ಮಾಡಿದ್ದೆ. ತಿಂಗಳಿಡೀ ಸುಳ್ಳು ಸುಳ್ಳೇ ಬೊಬ್ಬೆ ಹೊಡೆಯಿತು. ಆಮೇಲೆ ಸರ್ವರಿನ ಮುಂದಕ್ಕೆ, ಅದು ಗಾಳಿ ಎಳೆದುಕೊಳ್ಳುವ ಜಾಗಕ್ಕೆ ಸರಿಸಿದೆ. ಆದರೂ ಅದರ ಮೇಲೆ ನನಗೆ ನಂಬಿಕೆ ಹುಟ್ಟಿರಲಿಲ್ಲ. ಅದಕ್ಕೇ ಒಂದು ರಿಜಿಸ್ಟರ್ ಇಟ್ಟು, ಗಂಟೆಗೊಮ್ಮೆ ನೋಡಿ ಬರೆಯಲು ನಮ್ಮ ಎಲೆಕ್ಟ್ರಿಷಿಯನ್ ಚಾಚಾಗೆ ಹೇಳಿದ್ದೆ. ಚಾಚಾ ಅರವತ್ತರ ಹತ್ತಿರದವರು. ನನ್ನನ್ನು ಬೇಟಿ, ಅಂದರೆ ಮಗಳೇ, ಎಂದೇ ಕರೆಯುತ್ತಾರೆ. ಒಂದು ಗಂಟೆಯನ್ನೂ ತಪ್ಪಿಸಿದವರಲ್ಲ.

ಅವತ್ತು ನಾನು ಔರಾದಿನ ಶಾಖೆಯಲ್ಲಿ ಕೆಟ್ಟ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಹನ್ನೊಂದೂವರೆಗೆ ಸಂದೇಶ ಬಂತು: ಕೋಣೆ ಇಪ್ಪತ್ತೊಂಬತ್ತು ಡಿಗ್ರಿ. ಇಪ್ಪತ್ತನಾಲ್ಕು ದಾಟಬಾರದು. ಚಾಚಾಗೆ ಫೋನ್ ಮಾಡಿದೆ.

“ಹದಿನೆಂಟು ಅದ, ಬೇಟಿ. ಈಗೇ ಬರದು ಬಂದೀನಿ.”

ಹಾಳಾದ ಸೆನ್ಸರ್ ಎಂದು ಬೈದು ಪ್ರಿಂಟರಿಗೆ ತಿರುಗಿದೆ. ಅರ್ಧ ಗಂಟೆಗೆ ಮೂವತ್ತಮೂರು ಎಂದು ಬಂತು. ಮತ್ತೆ ಫೋನ್.

“ಹದಿನೆಂಟೇ ಅದ. ಗಾಳಿ ಭೀ ಬರ್ಲತದ, ಹೊರಗಿನ ಬಿಸಲಿಗಿಂತ ತಂಪೇ ಅದ. ನೀ ಯಾಕ ಚಿಂತಿ ಮಾಡ್ತಿ?”

ಒಂದು ಯಂತ್ರದ ಮಾತು, ಒಬ್ಬ ಮನುಷ್ಯನ ಮಾತು. ನಾನು ಮನುಷ್ಯನನ್ನು ನಂಬಿದೆ.

ಅಷ್ಟರಲ್ಲಿ ಭಾಲ್ಕಿಯ ಸ್ಕ್ಯಾನ್ ಟೆಕ್ನಿಷಿಯನ್ ಹುಡುಗಿಯ ಫೋನ್ ಬಂತು. “ಮೇಡಂ, ಸ್ಕ್ಯಾನ್ ಕಳಿಸ್ಲತ್ತೇನಿ, ಹೋಗವಲ್ದು. ಒಬ್ರು ಹೆಣ್ಣಮಗಳದರಿ. ಮುಂಜಾನಿ ರೊಟ್ಟಿ ಬಡಿಯೋ ಮುಂದ ಬಾಯಿ ಸೊಟ್ಟ ಆಗ್ಯದ, ಎಡಗೈ ಎತ್ಲಿಕ್ಕೆ ಬರವಲ್ದು. ರಕ್ತ ಹೆಪ್ಪುಗಟ್ಟಿದ್ದು ಕರಗಿಸೋ ಇಂಜೆಕ್ಷನ್ ಕೊಡಬೇಕೋ ಬ್ಯಾಡೋ ಅಂತ ಬೀದರ್ ಡಾಕ್ಟರು ಹೇಳಬೇಕು. ಮೊಬೈಲ್ ಫೋಟೊ ಕಳಿಸಿದ್ದೆವು, ಅದರಾಗ ಖಾತ್ರಿ ಆಗವಲ್ದು, ಪೂರಾ ಸ್ಕ್ಯಾನ್ ಬರಲಿ ಅಂದ್ರು. ಇಲ್ಲಿ ಡಾಕ್ಟರು ಇನ್ನ ಹದಿನೈದು ನಿಮಿಷ ಹಾದಿ ನೋಡ್ತಾರಂತ. ಆಮ್ಯಾಲ ಫೋಟೊ ನಂಬಿ ಕೊಟ್ಟೇ ಬಿಡ್ತಾರ.”

ಆ ಇಂಜೆಕ್ಷನ್ ತಡವಾದರೆ ಕೈ ಹೋಗುತ್ತದೆ, ಮಾತು ಹೋಗುತ್ತದೆ. ತಲೆಯೊಳಗೆ ರಕ್ತ ಸೋರಿದ್ದಾಗ ಕೊಟ್ಟರೆ ಜೀವವೇ ಹೋಗಬಹುದು. ಆಸ್ಪತ್ರೆಯಲ್ಲಿ ಇದು ನನ್ನಂಥವಳಿಗೂ ಗೊತ್ತಿರುವ ಸಂಗತಿ.

ಮೊಬೈಲಿನಿಂದಲೇ ಸರ್ವರ್ ತೆರೆದು ನೋಡಿದೆ. ಅದು ತೆವಳುತ್ತಿತ್ತು. ಅತಿಯಾಗಿ ಬಿಸಿಯಾದ ಸರ್ವರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ಇನ್ನೂ ಬಿಸಿಯಾದರೆ ತಾನೇ ಆರಿಹೋಗುತ್ತದೆ. ಅದರ ಹೊಟ್ಟೆಯೊಳಗಿನ ಅಳತೆ ನನ್ನ ಸೆನ್ಸರ್ ಹೇಳಿದ್ದನ್ನೇ ಹೇಳುತ್ತಿತ್ತು. ಚಾಚಾಗೆ ಮತ್ತೆ ಫೋನ್ ಮಾಡಿದೆ.

“ಚಾಚಾ, ಕಣ್ಣು ಕಾಣಸ್ತಾವೋ ಇಲ್ಲೋ ನಿಮಗ? ಹದಿನೆಂಟು ಎಲ್ಲಿ ಅದ? ಎದರ ಮ್ಯಾಲ ನೋಡ್ಲತ್ತೀರಿ?”

“ಏಸಿ ಮ್ಯಾಲ, ಬೇಟಿ. ಕೆಂಪು ಅಕ್ಷರ ಬರ್ತಾವಲ್ಲ, ಅದೇ. ‘ಏಸಿ ಎಷ್ಟದ ನೋಡಿ ಬರೀರಿ’ ಅಂತ ನೀನೇ ಹೇಳಿದ್ದಿ.”

ಹೇಳಿದ್ದೆ. ರಿಜಿಸ್ಟರಿನ ತಲೆಬರಹದಲ್ಲೂ ನನ್ನ ಕೈಯಾರೆ ‘ಏಸಿ’ ಎಂದೇ ಬರೆದಿದ್ದೆ. ಏಸಿಯ ಮುಖದ ಮೇಲಿನ ಅಂಕಿ ಕೋಣೆಯ ಬಿಸಿಯಲ್ಲ, ನಾವು ರಿಮೋಟಿನಲ್ಲಿ ಇಷ್ಟಕ್ಕೆ ತಂಪು ಮಾಡು ಎಂದು ಕೇಳಿಕೊಂಡ ಅಂಕಿ. ಕೋಣೆಗೆ ಬೆಂಕಿ ಬಿದ್ದರೂ ಅಲ್ಲಿ ಹದಿನೆಂಟೇ ಇರುತ್ತದೆ. ಮೂರು ತಿಂಗಳಿಂದ ಅವರು ನಾನು ಕೇಳಿದ್ದನ್ನೇ ಅಚ್ಚುಕಟ್ಟಾಗಿ ಬರೆದುಕೊಟ್ಟಿದ್ದರು, ನಾನು ಕೆಳಗೆ ಸಹಿ ಹಾಕಿದ್ದೆ.

“ಚಾಚಾ, ಬಾಗಿಲಾ ತೆರೀರಿ. ಯುಪಿಎಸ್ ಏನು ತೋರಸ್ತದ ಓದ್ರಿ.”

“ಬರೋ ಕರೆಂಟ್ ನೂರಾ ಅರವತ್ತು. ಬ್ಯಾಟರಿ ಅರವತ್ತೆರಡು... ಅರವತ್ತು. ಇಳೀಲತದ.”

ಇನ್ನೂರಮೂವತ್ತು ಇರಬೇಕಾದ ವೋಲ್ಟೇಜ್ ಅದು. ಯುಪಿಎಸ್ ಅದನ್ನು ಬೇಡವೆಂದು ಬ್ಯಾಟರಿಗೆ ಹೋಗಿತ್ತು. ಪೂರ್ತಿ ತುಂಬಿದೆ ಎಂದು ನಿನ್ನೆ ತೋರಿಸಿದ್ದ ಬ್ಯಾಟರಿ, ಸೆಕೆಯಲ್ಲಿ ಬೆಂದು ಸತ್ವ ಕಳೆದುಕೊಂಡಿತ್ತು. ಭಾರ ಬಿದ್ದ ಕೂಡಲೇ ಜಾರುತ್ತಿತ್ತು. ಬಿಸಿಯಿಂದಲೋ ಬ್ಯಾಟರಿಯಿಂದಲೋ, ಸರ್ವರ್ ಸಾಯುವುದಂತೂ ನಿಶ್ಚಿತ.

ಹಾಜರಿಯದು ಒಂದು, ಕ್ಯಾಮೆರಾದ್ದು ಒಂದು, ಉಳಿದ ಎರಡೂ ಸರ್ವರುಗಳನ್ನು ಔರಾದಿನಿಂದಲೇ ಆರಿಸಿದೆ. ಅವಸರದಲ್ಲಿ ಪಾಸ್‌ವರ್ಡ್ ಎರಡು ಸಲ ತಪ್ಪಿತು. ಬಿಸಿಯೂ ಕಡಿಮೆಯಾಗಬೇಕು, ಬ್ಯಾಟರಿಯೂ ಉಳಿಯಬೇಕು. ಆದರೂ ಸೆನ್ಸರ್ ನಲವತ್ತೊಂದು ಎಂದಿತು. ಇನ್ನು ನಾಲ್ಕೈದು ಡಿಗ್ರಿ ಏರಿದರೆ ಮುಗಿಯಿತು. ನನಗೆ ಮುಂದೇನು ಎಂದು ತೋಚಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ.

ತೋಚಿದ್ದು ಚಾಚಾಗೆ. “ಬೇಟಿ, ಕರೆಂಟ್ ಅದ, ಖರೆ ಅದರಾಗ ದಮ್ ಇಲ್ಲ. ಅದಕ್ಕೇ ಏಸಿ ಹೊರಗಿನ ಮಷೀನ್ ಬಂದ್ ಬಿದ್ದದ, ಒಳಗ ಬರೀ ಪಂಖಾ ತಿರುಗ್ಲತದ. ಜನರೇಟರ್ ಕರೆಂಟ್ ಪೂರಾ ಹೋದರ ತಾನೇ ಚಾಲೂ ಆಗ್ತದ. ಅರ್ಧ ಇದ್ದರ ಅದಕ್ಕೇನು ತಿಳೀತದ? ನಾನೇ ಮೇನ್ ಕಡದು ಚಾಲೂ ಮಾಡ್ತೇನಿ.”

ಮೂರು ಮಹಡಿ ಇಳಿದರು. ಫೋನ್ ಕಿಸೆಯಲ್ಲೇ ಇತ್ತು. ಮೆಟ್ಟಿಲು, ಏದುಸಿರು, ಯಾರಿಗೋ “ಸರೀರಿ” ಎಂದದ್ದು, ಎಲ್ಲ ಕೇಳಿಸಿತು. ಆಮೇಲೆ ಜನರೇಟರಿನ ಗುಡುಗು. ಆ ಹೊತ್ತಿಗೆ ಬ್ಯಾಟರಿ ಮೂವತ್ತೊಂದಕ್ಕೆ ಬಂದಿತ್ತು, ಅಲ್ಲೇ ನಿಂತಿತು. ಏಸಿ ತಂಪು ಮಾಡಲು ಇನ್ನೂ ಮೂರು ನಿಮಿಷ ತೆಗೆದುಕೊಂಡಿತು. ನಲವತ್ತಮೂರು. ನಲವತ್ತಮೂರು. ನಲವತ್ತೆರಡು. ಚಿತ್ರಗಳು ಓಡತೊಡಗಿದವು.

ಭಾಲ್ಕಿಯ ಹುಡುಗಿ ಮತ್ತೆ ಫೋನ್ ಮಾಡಿದಾಗ ಅವಳ ದನಿ ಸಣ್ಣಗಾಗಿತ್ತು. “ಡಾಕ್ಟರು ನೋಡಿದ್ರು ಮೇಡಂ. ಇಂಜೆಕ್ಷನ್ ಬ್ಯಾಡೇ ಬ್ಯಾಡ ಅಂದ್ರು. ಒಳಗ ರಕ್ತ ಸೋರ್ಯದ, ಫೋಟೊದಾಗ ಆ ಜಾಗ ಬಂದಿದ್ದಿಲ್ಲ. ಬೀದರಿಗೆ ಕಳಿಸ್ಲತ್ತೇವಿ.” ಆಮೇಲೆ ಹೇಳಿದಳು: “ನಾವು ಸಿರಿಂಜ್ ತುಂಬಿ ಇಟ್ಟಿದ್ದೆವು.”

ಪ್ರಿಂಟರಿನ ಬಿಡಿಭಾಗಗಳು ಬಿಚ್ಚಿದಲ್ಲೇ ಬಿದ್ದಿದ್ದವು. ನನ್ನ ಒಂದು ಶಬ್ದದ ತಪ್ಪಿಗೆ ಒಬ್ಬ ಹೆಂಗಸು ಸಾಯುತ್ತಿದ್ದಳು. ಬೈಸಿಕೊಂಡವರು ಮಾತ್ರ ಚಾಚಾ. ಅವರಿಗೆ ಫೋನ್ ಮಾಡಿ ಭಾಲ್ಕಿಯ ಹೆಂಗಸಿನ ಸಂಗತಿ ಹೇಳಿದೆ. ತಪ್ಪು ನಂದು ಚಾಚಾ, ನಾ ಬೈಬಾರದಿತ್ತು, ಮಾಫ್ ಮಾಡ್ರಿ ಎಂದೆ.

ಚಾಚಾ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ಆ ಹೆಣ್ಣಮಗಳಿಗಿ ಮಕ್ಕಳೆಷ್ಟು, ಬೇಟಿ?”

ನಾನು ಕೇಳಿರಲೇ ಇಲ್ಲ.