ಬ್ಯಾಂಕಿನ ಗ್ರೈಂಡರ್ ಮತ್ತು ನನ್ನ ತಮ್ಮ

ಪೊಲೀಸಿನವನು ಬಂದಾಗ ನಾನು ಬಂಗುಡೆ ಶುಚಿ ಮಾಡುತ್ತಿದ್ದೆ. ಖಡಕಿಯ ನಮ್ಮ ಹಳೆಯ ಕಟ್ಟಡದಲ್ಲಿ ಎರಡನೇ ಮಹಡಿಗೆ ಯಾರೂ ಸುಮ್ಮನೆ ಹತ್ತಿ ಬರುವುದಿಲ್ಲ. ಅವನು ಎರಡು ಕಾಗದ ಮುಂದೆ ಹಿಡಿದು, "ಆಜೀ, ಸಹಿ ಕರಾ" ಅಂತ ಮರಾಠಿಯಲ್ಲಿ ಸಹಿ ಕೇಳಿದ. ಕೈ ತೊಳೆದು ಬರುತ್ತೇನೆ ಅಂದರೆ ಮೋರಿಯವರೆಗೂ ನನ್ನ ಮೇಲೆ ಕಣ್ಣಿಟ್ಟಿದ್ದ. ಮೊಣಕಾಲು ಹೋದ ಮುದುಕಿ ಎಲ್ಲಿಗೆ ಓಡುವುದು?

ಒಂದು ಕಾಗದ ನನಗೆ, ಇನ್ನೊಂದು ಮಗಳಿಗೆ. ನಾನು ಕಲಿತದ್ದು ನಾಲ್ಕನೇ ತರಗತಿ, ಅದೂ ಕನ್ನಡದಲ್ಲಿ. ಮಗಳು ಬಂದು ಓದಿ ಹೇಳಿದಳು. ಬ್ಯಾಂಕು ನಮ್ಮ ಮೇಲೆ ಕೇಸು ಹಾಕಿದೆ. ಮೋಸ ಮತ್ತು ನಂಬಿಕೆದ್ರೋಹ. ಠಾಣೆಗೆ ಬಂದು ಹೇಳಿಕೆ ಕೊಡಬೇಕು. ಅವಳು ಒಂದನೇ ಆರೋಪಿ, ಅವಳ ಸಾಲಕ್ಕೆ ಜಾಮೀನು ಹಾಕಿದ ನಾನು ಎರಡನೆಯವಳು. ಆ ರಾತ್ರಿ ಮೀನು ಸಾರನ್ನು ಇಬ್ಬರೂ ಮುಟ್ಟಲಿಲ್ಲ. ಮಾರನೆಯ ದಿನ ಬೆಕ್ಕಿಗೆ ಹಾಕಿದೆ. ದುಬಾರಿ ಮೀನು.

ನಮ್ಮದು ಹೋಟೆಲಿನ ಮನೆತನ. ಕುಂದಾಪುರದ ಕಡೆಯಿಂದ ಬಂದ ನನ್ನ ಗಂಡ ಖಡಕಿಯಲ್ಲಿ ಕಾರ್ಖಾನೆಯ ಜನರಿಗೆ ಇಡ್ಲಿ ಹಾಕಿ ಬದುಕಿದವರು. ಅವರು ಹೋದ ಮೇಲೆ ಗಂಡನನ್ನು ಬಿಟ್ಟು ಬಂದ ಮಗಳು ವಿಮಾನ ನಗರದಲ್ಲಿ ಸ್ವಂತ ಹೋಟೆಲು ತೆರೆದಳು. ದೊಡ್ಡ ಗ್ರೈಂಡರ್, ದೋಸೆ ಕಾವಲಿ, ಎರಡು ಫ್ರೀಜರ್ ಎಲ್ಲ ಬ್ಯಾಂಕಿನ ಸಾಲದ್ದು. ಯಂತ್ರಗಳು ನಮ್ಮ ಅಡುಗೆಮನೆಯಲ್ಲಿದ್ದರೂ ಸಾಲ ತೀರುವ ತನಕ ಬ್ಯಾಂಕಿಗೆ ಅಡವು. ಬ್ಯಾಂಕಿನವರು ಬಂದು ಗ್ರೈಂಡರಿಗೆ ತಮ್ಮ ಹೆಸರಿನ ತಗಡು ಹೊಡೆದು, ಫೋಟೊ ತೆಗೆದುಕೊಂಡು, ಎರಡೆರಡು ಮಸಾಲೆ ದೋಸೆ ತಿಂದು ಹೋದರು.

ಎರಡು ವರ್ಷಕ್ಕೂ ಹೆಚ್ಚು ಕಾಲ ಕಂತು ತಪ್ಪಲಿಲ್ಲ. ಆಮೇಲೆ ಎದುರಿನ ಆಫೀಸು ಬೇರೆ ಕಡೆಗೆ ಹೋಯಿತು. ಮಧ್ಯಾಹ್ನ ಸಾಲು ನಿಲ್ಲುತ್ತಿದ್ದ ಜಾಗದಲ್ಲಿ ನೊಣ ಕೂರತೊಡಗಿತು. ಬಾಡಿಗೆ ನಿಂತಿತು, ಕಂತು ನಿಂತಿತು. ಜಾಗದ ಮಾಲೀಕ ಭಾನುವಾರದೊಳಗೆ ಖಾಲಿ ಮಾಡಿ ಅಂದ. ನಮ್ಮವರಲ್ಲಿ ಒಂದು ಪದ್ಧತಿ ಉಂಟು. ಒಂದು ಹೋಟೆಲು ಮುಚ್ಚಿದರೆ ಅದರ ಪಾತ್ರೆ ಪಡಗ, ಯಂತ್ರ ಎಲ್ಲ ನೆಂಟರ ಹೋಟೆಲಿಗೆ ಹೋಗುತ್ತವೆ. ಕಾಗದವಿಲ್ಲ, ಬಾಡಿಗೆಯಿಲ್ಲ. ನಿಂತ ಗ್ರೈಂಡರ್ ಕೆಡುತ್ತದೆ, ಓಡುವುದು ಬಾಳುತ್ತದೆ. ಮುಂದೆ ಎದ್ದು ನಿಂತರೆ ವಾಪಸ್ಸು. ನನ್ನ ಗಂಡ ಹೋಟೆಲು ಶುರು ಮಾಡಿದ್ದೂ ಹೀಗೆ ಬಂದ ಒರಳಿನಿಂದಲೇ. ಶಿರೂರಿನಲ್ಲಿ, ಕುಂದಾಪುರದ ಕಡೆಯದ್ದಲ್ಲ, ಖಡಕಿಯಿಂದ ಎರಡು ತಾಸು ದೂರದ ಶಿರೂರಿನಲ್ಲಿ, ಹೆದ್ದಾರಿಯ ಬದಿಗೆ ನನ್ನ ತಮ್ಮನ ಹೋಟೆಲಿದೆ. ನಾನೇ ಫೋನು ಮಾಡಿದೆ. ಅವನು ಟೆಂಪೊ ತಂದು ಎಲ್ಲ ತುಂಬಿಕೊಂಡು ಹೋದ. ಬ್ಯಾಂಕಿಗೆ ಹೇಳಬೇಕು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ತಮ್ಮನ ಮನೆಗೆ ಸಾಮಾನು ಕಳಿಸಲು ಯಾರ ಅಪ್ಪಣೆ?

ಬ್ಯಾಂಕಿನವರು ತಪಾಸಣೆಗೆ ಬಂದಾಗ ನಮ್ಮ ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಅಡವಿಟ್ಟದ್ದನ್ನು ಮಾರಿ ತಿಂದಿದ್ದಾರೆ ಅಂತ ಬರೆದುಕೊಂಡರು. ಮೊದಲು ಠಾಣೆಗೆ ಹೋದರಂತೆ. ಇದು ಕೊಡುಕೊಳ್ಳುವ ವ್ಯವಹಾರ, ದಿವಾಣಿ ಅಂದರೆ ಸಿವಿಲ್ ಕೋರ್ಟಿಗೆ ಹೋಗಿ ಅಂತ ಅಲ್ಲಿ ಹೇಳಿದರಂತೆ. ದಿವಾಣಿ ದಾವೆ ಹೇಗೂ ಹಾಕಿದ್ದರು. ಅದು ಸಾಲದೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ, ತನಿಖೆ ಮಾಡಿ ಅಂತ ಪೊಲೀಸರಿಗೆ ಹುಕುಂ ತಂದರು. ಅವರ ಲೆಕ್ಕ ನನಗೆ ಅರ್ಥವಾಗುತ್ತದೆ. ದಿವಾಣಿ ಕೋರ್ಟಿನ ಕಾಗದ ಬಂದರೆ ಜನ ಮಡಚಿ ಕಪಾಟಿನಲ್ಲಿ ಇಡುತ್ತಾರೆ. ಪೊಲೀಸ್ ಬಂದರೆ ಬಳೆ ಮಾರುತ್ತಾರೆ.

ಶಿವಾಜಿನಗರದ ಕೋರ್ಟಿನ ಎದುರು ಒಬ್ಬ ವಕೀಲೆ ಸಿಕ್ಕಳು. ಸೊಲ್ಲಾಪುರದ ಕಡೆಯ ಕನ್ನಡದವಳು.

"ಅಜ್ಜಿ, ಅಂಜಬ್ಯಾಡ್ರಿ," ಅಂದಳು. "ಸಾಲ ಕಟ್ಟಲಾರದ್ದು ಮೋಸ ಅಲ್ರಿ. ತಗೊಳ್ಳೂ ಮುಂದನ ಕೊಡಬಾರದು ಅಂತ ಮನಸಿನಾಗ ಇತ್ತು ಅಂದ್ರ ಮೋಸ. ನೀವು ಎರಡು ವರ್ಷದ ಮ್ಯಾಲೆ ಕಟ್ಟೀರಿ. ಅದು ನಿಲ್ಲೂದಿಲ್ಲ."

"ಮತ್ತೆ ಯಾವುದು ನಿಲ್ತದೆ?"

"ಅಡವಿಟ್ಟ ಮಷೀನು ಮಾರಿ ರೊಕ್ಕ ತಿಂದಿದ್ರ, ಅದು ಬ್ಯಾರೆ ಮಾತು. ಎಲ್ಲಿ ಅದಾವ ಮಷೀನು?"

ಮಗಳು ನೆಲ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ತೊಡೆ ಚಿವುಟಿದಳು.

"ನೀವು ಚಿವುಟಿದ್ದು ನನಗೂ ಕಾಣಸ್ತದ್ರಿ," ಅಂದಳು ವಕೀಲೆ.

ಅವಳು ಸೆಷನ್ಸ್ ಕೋರ್ಟಿನಿಂದ, ಮುಂದಿನ ತಾರೀಖಿನ ತನಕ ಬಂಧಿಸಬಾರದು ಅಂತ ಆದೇಶ ತಂದಳು. ಆದರೆ ಷರತ್ತು ಇತ್ತು. ತನಿಖೆಗೆ ಸಹಕರಿಸಬೇಕು, ಯಂತ್ರ ಎಲ್ಲಿ ಅಂತ ಪೊಲೀಸರಿಗೆ ಹೇಳಬೇಕು. ಇಲ್ಲದಿದ್ದರೆ ಆ ತಾರೀಖಿಗೆ ಮಗಳು ಒಳಗೆ ಹೋಗುವ ಭಯ. ನನ್ನ ವಯಸ್ಸು ನೋಡಿ ನನ್ನನ್ನು ಬಿಟ್ಟಾರು, ಅವಳನ್ನು ಬಿಡಲಾರರು.

ಆದರೆ ಮಗಳದ್ದು ಒಂದೇ ಹಟ. "ಮಾವನ ಹೆಸರು ತರುವುದು ಬೇಡ ಅಮ್ಮ. ಎಲ್ಲರೂ ಬಿಟ್ಟಾಗ ಟೆಂಪೊ ತಂದದ್ದು ಅವರೊಬ್ಬರೇ."

ಅದು ನಿಜವೇ. ಸುದ್ದಿ ಹಬ್ಬಿದ ಮೇಲೆ ನಮ್ಮವರು ಯಾರೂ ಮೆಟ್ಟಿಲು ಹತ್ತಲಿಲ್ಲ. ನಮ್ಮ ಹೋಟೆಲಿನವರ ಸಂಘದ ಪೂಜೆಗೆ ಹೋದರೆ ನನ್ನ ಎರಡು ಬದಿಯ ಕುರ್ಚಿ ಪ್ರಸಾದ ಹಂಚುವ ತನಕ ಖಾಲಿ. ಪೊಲೀಸ್ ಎಂದರೆ ಹೋಟೆಲಿನವರಿಗೆ ಸಿಡುಬು ಇದ್ದ ಹಾಗೆ.

ನಾನು ಯಾರಿಗೂ ಹೇಳದೆ ವಾಕಡೆವಾಡಿಯಿಂದ ಎಸ್‌ಟಿ ಬಸ್ಸು ಹಿಡಿದು ಶಿರೂರಿಗೆ ಹೋದೆ. ತಮ್ಮ ಗಲ್ಲಾದಿಂದ ಎದ್ದು ಬಂದು ಕೈ ಹಿಡಿದು ಕೂರಿಸಿದ. "ಮೊದಲು ಊಟ ಮಾಡು ಅಕ್ಕ" ಅಂದ. ಅಡುಗೆಮನೆಯಲ್ಲಿ ಗ್ರೈಂಡರ್ ತಿರುಗುತ್ತಿತ್ತು. ಕೈ ತೊಳೆಯುವ ನೆಪದಲ್ಲಿ ಹೋಗಿ ನೋಡಿದೆ. ಬ್ಯಾಂಕಿನ ತಗಡು ಇರಲಿಲ್ಲ. ತಗಡು ಇದ್ದ ಕಡೆ ನಾಲ್ಕು ತೂತು.

"ತಗಡು ಯಾಕೆ ಕಿತ್ತದ್ದು?" ಕೇಳಿದೆ.

"ಗಿರಾಕಿ ಕಣ್ಣಿಗೆ ಬಿದ್ದರೆ ಎಂತ ಹೇಳಿಯಾರು? ಸಾಲದ ಹೋಟ್ಲು ಅಂತ ನಗೋದಿಲ್ವಾ?"

"ಪೊಲೀಸಿಗೆ ಒಂದು ಮಾತು ಹೇಳು ಮಾರಾಯ. ಯಂತ್ರ ನನ್ನ ಹತ್ರ ಉಂಟು, ಅಕ್ಕ ಇಡ್ಲಿಕ್ಕೆ ಕೊಟ್ಟದ್ದು ಅಂತ. ಅಷ್ಟೇ."

ಅವನು ಅನ್ನದ ಮೇಲೆ ಸಾರು ಬಡಿಸುತ್ತಲೇ ಇದ್ದ. "ಕದ್ದ ಮಾಲು ಇಟ್ಟುಕೊಂಡವ ಅಂತ ನನ್ನನ್ನೇ ಎಳೆದರೆ? ಗುಜರಿಗೆ ಹಾಕಿದ್ದು ಅಂತ ಹೇಳು ಅಕ್ಕ. ತುಕ್ಕು ಹಿಡಿದಿತ್ತು ಅಂತ."

"ಹಾಗೆ ಹೇಳಿದ್ರೆ ಮಾರಿದ್ದು ಅಂತಲೇ ಆಯ್ತಲ್ಲ! ಅವಳು ಒಳಗೆ ಹೋಗ್ತಾಳೆ."

"ನಾಲ್ಕು ದಿನ. ಜಾಮೀನು ಸಿಗ್ತದೆ."

"ನಿನ್ನ ಮಗಳಿಗೆ ಆದ್ರೆ ನಾಲ್ಕು ದಿನ ಅಂತೀಯಾ?"

ಅವನು ಸೌಟನ್ನು ಬಕೆಟಿಗೆ ಬಿಟ್ಟ. "ನಾನು ಕೇಳಿ ತಂದದ್ದಾ? ನೀನು ಹೇಳಿದ್ದು, ನಾನು ಬಂದದ್ದು. ಉಪಕಾರ ಮಾಡಿದವನ ಮನೆಗೆ ಪೊಲೀಸ್ ಕಳಿಸ್ತೀಯಾ?"

"ನೀನು ಹೇಳದಿದ್ರೆ ನಾನು ಹೇಳ್ತೇನೆ."

"ಹೇಳು. ಆಮೇಲೆ ಈ ಬದಿಗೆ ತಲೆ ಹಾಕಬೇಡ."

ನಾನು ಎಲೆಯಲ್ಲಿದ್ದುದನ್ನು ಪೂರ್ತಿ ಉಂಡೆ. ಅನ್ನ ಬಿಟ್ಟು ಏಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಅವನು ಗಲ್ಲಾಕ್ಕೆ ಹೋಗಿ ಕೂತವನು ಮತ್ತೆ ಏಳಲಿಲ್ಲ. ಬಸ್ಸಿನ ತನಕ ಯಾರೂ ಬರಲಿಲ್ಲ. ವಾಪಸ್ಸು ಬರುವಾಗ ಕಿಟಕಿಯ ಹತ್ತಿರ ಕೂತು, ಏನೂ ಯೋಚಿಸದೆ ಬಂದೆ. ಯೋಚಿಸುವುದಕ್ಕೆ ಏನಿತ್ತು? ತಮ್ಮನ ಕಷ್ಟ ಹೋಟೆಲಿನ ಹೆಸರಿನದ್ದು, ಮಗಳದ್ದು ಮೈಯದ್ದು.

ಮಾರನೆಯ ದಿನ ವಕೀಲೆಯನ್ನು ಕರೆದುಕೊಂಡು ಠಾಣೆಗೆ ಹೋದೆ. ಮಗಳು ಬರಲಿಲ್ಲ, ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಫೌಜದಾರ, ಅಂದರೆ ಠಾಣೆಯ ಎಸ್ಐ, "ಬಸಾ ಆಜೀ" ಅಂತ ಕೂರಿಸಿದ. ನಾನು ಮರಾಠಿಯಲ್ಲೇ ಎಲ್ಲ ಹೇಳಿದೆ. ಯಾರು ಫೋನು ಮಾಡಿದ್ದು, ಯಾರು ಟೆಂಪೊ ತಂದದ್ದು, ಯಾಕೆ ಕೊಟ್ಟದ್ದು. ಅವನು ಪೆನ್ನು ಕೆಳಗಿಟ್ಟು ಕೇಳಿದ: ಕಾಗದವಿಲ್ಲದೆ, ದುಡ್ಡಿಲ್ಲದೆ ಇಷ್ಟೆಲ್ಲ ಸಾಮಾನು ಯಾರಾದರೂ ಕೊಡುತ್ತಾರಾ?

"ತಮ್ಮನಿಗೆ ಕೊಡುತ್ತಾರೆ. ನೀನು ನಿನ್ನ ತಮ್ಮನಿಂದ ರಸೀದಿ ಬರೆಸಿಕೊಳ್ಳುತ್ತೀಯಾ?" ಅಂದೆ.

"ನನ್ನ ತಮ್ಮನಿಗೆ ನಾನು ಏನೂ ಕೊಡುವುದಿಲ್ಲ ಆಜೀ," ಅಂದು ಬರೆಯತೊಡಗಿದ.

ಪೊಲೀಸರು ಬ್ಯಾಂಕಿನವನನ್ನು, ಇಬ್ಬರು ಪಂಚರನ್ನು ಕರೆದುಕೊಂಡು ಶಿರೂರಿಗೆ ಹೋದರು. ಯಂತ್ರಗಳ ಮೇಲಿನ ನಂಬರನ್ನು ಬ್ಯಾಂಕಿನ ಕಾಗದದ ನಂಬರಿಗೆ ತಾಳೆ ನೋಡಿದರು. ಎಲ್ಲವೂ ಇದ್ದವು. ಒಂದೂ ಮಾರಿರಲಿಲ್ಲ. ಪಂಚನಾಮೆ ಬರೆದು, ಕೇಳಿದಾಗ ಒಪ್ಪಿಸುತ್ತೇನೆ ಅಂತ ತಮ್ಮನಿಂದ ಬರೆಸಿಕೊಂಡು ಅಲ್ಲೇ ಬಿಟ್ಟು ಬಂದರು. ಅವನನ್ನು ಆರೋಪಿ ಮಾಡಲಿಲ್ಲ, ಸಾಕ್ಷಿ ಮಾಡಿದರು. ಆದರೆ ಊಟದ ಹೊತ್ತಿಗೆ ಹೋಟೆಲಿನ ಎದುರು ಪೊಲೀಸ್ ಜೀಪು ನಿಂತದ್ದನ್ನು ಶಿರೂರಿನ ಪೇಟೆ ಇಡೀ ನೋಡಿತು. ಅದನ್ನು ಅಳಿಸುವ ಕಾಗದ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ.

ತಾರೀಖಿನ ದಿನ, ಬಂಧಿಸಬಾರದು ಅಂತ ಇದ್ದ ಆದೇಶ ಖಾಯಂ ಆಯಿತು. ಕೆಲವು ತಿಂಗಳ ಮೇಲೆ ಪೊಲೀಸರು ಸಿ ಸಮರಿ ಅಂತ ವರದಿ ಹಾಕಿದರು. ಅಂದರೆ ಇದು ದಿವಾಣಿ ಸ್ವರೂಪದ್ದು, ಅಪರಾಧ ಆಗುವುದಿಲ್ಲ ಎಂದು. ಮ್ಯಾಜಿಸ್ಟ್ರೇಟರು ಬ್ಯಾಂಕಿಗೆ ನೋಟಿಸು ಕೊಟ್ಟು, ತಕರಾರು ಉಂಟಾ ಅಂತ ಕೇಳಿದರು. ಯಂತ್ರ ಸಿಕ್ಕಿದ ಮೇಲೆ ಅವರಿಗೆ ಆಸಕ್ತಿ ಉಳಿದಿರಲಿಲ್ಲ. ವರದಿ ಒಪ್ಪಿಗೆಯಾಯಿತು. ವಕೀಲೆ ಖುಷಿಯಿಂದ ಚಹಾ ಕುಡಿಸಿದಳು. ಸಾಲ ಮಾತ್ರ ಹಾಗೇ ಇದೆ, ದಿವಾಣಿ ದಾವೆಯೂ ನಡೆಯುತ್ತಲೇ ಇದೆ. ಮಗಳು ಚಾಕಣದ ಒಂದು ಕಾರ್ಖಾನೆಯ ಕ್ಯಾಂಟೀನು ನೋಡಿಕೊಳ್ಳುತ್ತಾಳೆ, ಅಲ್ಲೇ ಕೋಣೆ ಮಾಡಿದ್ದಾಳೆ. ನಾನು ಇಲ್ಲಿ ಒಬ್ಬಳೇ. ಬಂಗುಡೆ ಎರಡೇ ತರುತ್ತೇನೆ. ಮೊದಲು ದಿನಾ ಹೋಟೆಲು ಮುಚ್ಚಿದ ಮೇಲೆ ತಮ್ಮನ ಫೋನು ಬರುತ್ತಿತ್ತು, ಇವತ್ತು ಗಿರಾಕಿ ಎಷ್ಟು, ತೆಂಗಿನಕಾಯಿ ದರ ಎಷ್ಟು ಅಂತ. ಆ ಹೊತ್ತಿಗೆ ಈಗಲೂ ಎಚ್ಚರವಾಗಿರುತ್ತೇನೆ. ಅಭ್ಯಾಸ.

ಬ್ಯಾಂಕು ಯಂತ್ರಗಳನ್ನು ಹರಾಜಿಗೆ ಹಾಕಿತು. ಹಿಡಿದವನು ನನ್ನ ತಮ್ಮನೇ. ಬ್ಯಾಂಕಿನಿಂದ ಬಂದ ಕಾಗದ ಓದಿ ಮಗಳೇ ಹೇಳಿದಳು. ಗ್ರೈಂಡರ್ ಒಂದು ಅಂಗುಲವೂ ಜರುಗದೆ ಬ್ಯಾಂಕಿನದ್ದಾಗಿದ್ದದ್ದು ಅವನದ್ದಾಯಿತು.

ಮೊನ್ನೆ ನಾನು ಶಿರೂರಿಗೆ ಹೋದೆ. ತಲೆ ಹಾಕಬೇಡ ಅಂದಿದ್ದು ಅಕ್ಕನಿಗೆ, ಗಿರಾಕಿಗಲ್ಲ. ಮೂಲೆಯ ಮೇಜಿನಲ್ಲಿ ಕೂತು ಇಡ್ಲಿ ತರಿಸಿದೆ. ತಮ್ಮ ಗಲ್ಲಾದಲ್ಲಿದ್ದ, ನನ್ನನ್ನು ನೋಡಿದ. ಹುಡುಗ ಬಿಲ್ಲು ತಂದಿಟ್ಟ. ನಮ್ಮಲ್ಲಿ ಅಕ್ಕನ ಕೈಯಿಂದ ಊಟದ ದುಡ್ಡು ಯಾರೂ ಮುಟ್ಟುವುದಿಲ್ಲ. ನಾನು ಹೋಗಿ ನೋಟು ಮುಂದೆ ಇಟ್ಟೆ. ಅವನು ಒಂದು ಗಳಿಗೆ ಅದನ್ನೇ ನೋಡಿದ. ನನ್ನ ಹಿಂದೆ ಒಬ್ಬ ಲಾರಿ ಡ್ರೈವರ್ ನಿಂತಿದ್ದ. ತಮ್ಮ ನೋಟು ತೆಗೆದು ಡಬ್ಬಿಗೆ ಹಾಕಿ, ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ಇಟ್ಟ. ನಾನು ಚಿಲ್ಲರೆ ತೆಗೆದುಕೊಂಡೆ. ಸೋಂಪು ಮುಟ್ಟಲಿಲ್ಲ.

ಬಸ್ಸಿಗೆ ಕಾಯುವಾಗ ಮಗಳ ಫೋನು.

"ಎಲ್ಲಿದ್ದೀ ಅಮ್ಮ, ಇಷ್ಟು ಗದ್ದಲ?"

"ಶಿರೂರಿನಲ್ಲಿ."

"ಮಾವ ಮಾತಾಡಿದ್ರಾ?"

"ಇಲ್ಲ. ಇಡ್ಲಿ ಮೆತ್ತಗಿತ್ತು."

"ಹಾಗಾದ್ರೆ ಗ್ರೈಂಡರ್ ಸರಿ ಓಡ್ತಾ ಉಂಟು," ಅಂದಳು.

"ಓಡ್ತಾ ಉಂಟು," ಅಂದೆ. ಬಸ್ಸು ಬಂತು, ಹತ್ತಿದೆ.